ಈಡಿಸ್ ಸೊಳ್ಳೆ: ಉಸಿರಿನ ಜಾಡಿನಿಂದ ಮೊಟ್ಟೆಯವರೆಗೆ

ಪ್ರಶ್ನೆ: ಸೊಳ್ಳೆ ನಮ್ಮನ್ನು ಹೇಗೆ ಪತ್ತೆ ಹಚ್ಚುತ್ತದೆ, ಅದಕ್ಕೆ ರಕ್ತವೇ ಏಕೆ ಬೇಕು?

ಉತ್ತರ: ಡೆಂಗಿ ಹರಡುವ ಈಡಿಸ್ ಈಜಿಪ್ಟಿಯನ್ನೇ ನೋಡೋಣ. ಕಚ್ಚುವುದು ಹೆಣ್ಣು ಮಾತ್ರ. ಹಾರುವ ಶಕ್ತಿ ಅದಕ್ಕೆ ಮಕರಂದದಿಂದಲೂ ಸಿಗುತ್ತದೆ. ರಕ್ತ ಬೇಕಿರುವುದು ಮುಖ್ಯವಾಗಿ ಮೊಟ್ಟೆಗೆ ಬೇಕಾದ ಪ್ರೋಟೀನಿಗಾಗಿ.

ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಎಳೆಎಳೆಯಾಗಿ ತೇಲಿ ಬಂದಾಗ, ಸೊಳ್ಳೆಯ ಸೊಂಡಿಲಿನ ಅಕ್ಕಪಕ್ಕದ ಎರಡು ಗಿಡ್ಡ ಸ್ಪರ್ಶಾಂಗಗಳು ಅದನ್ನು ಗುರುತಿಸುತ್ತವೆ, ಆಗ ಅದು ಗಾಳಿಗೆ ಎದುರಾಗಿ ಹಾರತೊಡಗುತ್ತದೆ. ಆದರೆ ಉಸಿರು ಹಸುವಿನದೂ ಆಗಿರಬಹುದು. ಇದು ಮನುಷ್ಯ ಎಂದು ತಿಳಿಸುವುದು ಬೆವರಿನ ಲ್ಯಾಕ್ಟಿಕ್ ಆಮ್ಲ ಮತ್ತು ಚರ್ಮದ ಇತರ ಆಮ್ಲಗಳ ವಾಸನೆ. ತೀರ ಹತ್ತಿರ ಬಂದ ಮೇಲೆ ಮೈಯ ಬಿಸಿಯೂ ಸೇರುತ್ತದೆ.

ಹೊಟ್ಟೆ ತುಂಬ ಹೀರಿದ ಸೊಳ್ಳೆಯ ಒಡಲಲ್ಲಿ ಸುಮಾರು ಅದರ ಮೈತೂಕದಷ್ಟೇ ರಕ್ತವಿರುತ್ತದೆ. ಕುಡಿದ ಸ್ವಲ್ಪ ಹೊತ್ತಿಗೇ ಅದು ಹಿಂಬದಿಯಿಂದ ತಿಳಿನೀರಿನ ಹನಿಗಳನ್ನು ಹೊರಹಾಕುವುದನ್ನು ಬರಿಗಣ್ಣಿಗೂ ಕಾಣಬಹುದು: ಬೇಡದ ನೀರನ್ನು ಚೆಲ್ಲಿ ಪ್ರೋಟೀನನ್ನು ಉಳಿಸಿಕೊಳ್ಳುವ ಕ್ರಮವಿದು. ರಕ್ತ ಹೊಟ್ಟೆ ಸೇರಿದೊಡನೆ ಮಿದುಳು ಹಾರ್ಮೋನುಗಳನ್ನು ಬಿಡುಗಡೆ ಮಾಡುತ್ತದೆ, ಅದರಿಂದ ಅಂಡಾಶಯ ಎಕ್ಡೈಸೋನ್ ಎಂಬ ಇನ್ನೊಂದು ಹಾರ್ಮೋನನ್ನು ತಯಾರಿಸುತ್ತದೆ, ಅದರ ಸೂಚನೆಯ ಮೇರೆಗೆ ಸೊಳ್ಳೆಯ ಕೊಬ್ಬಿನ ಅಂಗಾಂಶ ವಿಟೆಲೋಜೆನಿನ್ ಎಂಬ ಭಂಡಾರದ ಪ್ರೋಟೀನನ್ನು ತಯಾರಿಸಿ ಮೊಟ್ಟೆಗಳಿಗೆ ತುಂಬಿಸುತ್ತದೆ. ಸುಮಾರು 3 ದಿನಗಳಲ್ಲಿ 100ರಷ್ಟು ಮೊಟ್ಟೆಗಳು ಬಲಿಯುತ್ತವೆ.

ಈ ಅವಧಿಯಲ್ಲಿ ತುಂಬಿದ ಹೊಟ್ಟೆಯ ಸೊಳ್ಳೆಗೆ ನಮ್ಮ ವಾಸನೆಯ ಸೆಳೆತ ತಗ್ಗಿರುತ್ತದೆ. ಆದರೆ ನಾವು ಕೈಯಾಡಿಸಿ ಅರ್ಧಕ್ಕೇ ಎಬ್ಬಿಸಿದ ಸೊಳ್ಳೆ ಮತ್ತೊಬ್ಬರನ್ನು ಕಚ್ಚುತ್ತದೆ. ವೈರಾಣು ಹೊತ್ತ ಒಂದೇ ಸೊಳ್ಳೆಯಿಂದ ಮನೆಯ ಹಲವರಿಗೆ ಡೆಂಗಿ ತಗಲಲು ಇದೂ ಒಂದು ಕಾರಣ.