ಪಾಲಕ್ ತಿಂದರೂ ಲೆಕ್ಕ ತುಂಬಲಿಲ್ಲ

38 ವರ್ಷದ ಶಿಕ್ಷಕಿ, ಸಸ್ಯಾಹಾರಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹಾಲಿನ ವಾಸನೆಗೇ ಇವರಿಗೆ ಹೊಟ್ಟೆ ತೊಳಸುತ್ತದೆ. ಮೊಸರು ಚಿಕ್ಕಂದಿನಿಂದ ಮುಟ್ಟಿಲ್ಲ, ಕಾಫಿಯೂ ಡಿಕಾಕ್ಷನ್ ಮಾತ್ರ. "ಮೂಳೆ ಸವೆದು ಹೋಗ್ತದೆ" ಎಂಬ ಅತ್ತೆಯ ಗೊಣಗಾಟ ತಪ್ಪಿಸಿಕೊಳ್ಳಲು ಆಹಾರದ ಸಲಹೆಗೆ ನನ್ನ ಹತ್ತಿರ ಬಂದಿದ್ದರು.

"ಮೇಡಂ, ರಕ್ತ ಪರೀಕ್ಷೇಲಿ ಕ್ಯಾಲ್ಸಿಯಂ ಸರಿಯಾಗಿದೆ. ದಿನಾ ಪಾಲಕ್ ತಿಂತೀನಿ. ಸಾಕಲ್ವಾ?"

ಸಾಲದು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯಲು ದೇಹ ಸುಮ್ನೆ ಬಿಡುವುದಿಲ್ಲ. ಊಟದಲ್ಲಿ ಸಿಗದಿದ್ದರೆ ಮೂಳೆಯಿಂದ ತೆಗೆದುಕೊಳ್ಳುತ್ತದೆ. ಹಾಗಾಗಿ ಆ ವರದಿ ನೋಡಿ ಊಟದ ಬಗ್ಗೆ ಏನೂ ಹೇಳಲಾಗದು. ಪಾಲಕ್‌ನದು ಇನ್ನೊಂದು ಕಥೆ. 100 ಗ್ರಾಂ ಸೊಪ್ಪಿನಲ್ಲಿ ಸುಮಾರು 80 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಸೊಪ್ಪಿನಲ್ಲಿರುವ ಆಕ್ಸಲೇಟ್ ಎಂಬ ಅಂಶ ಆ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ದೇಹ ಹೀರುವುದು ನೂರಕ್ಕೆ ಐದರಷ್ಟು, ಅಂದರೆ ನಾಲ್ಕು ಮಿಲಿಗ್ರಾಂ! ದಂಟಿನ ಸೊಪ್ಪಿನಲ್ಲೂ ಆಕ್ಸಲೇಟ್ ಜಾಸ್ತಿ.

ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು ಎಂದು ಐಸಿಎಂಆರ್ 2020ರಲ್ಲಿ ಹೇಳಿದೆ. ಇವರ ಮೂರು ದಿನದ ಊಟ ಬರೆಸಿದೆ. 400 ದಾಟಲಿಲ್ಲ.

ಮನೆಯಲ್ಲಿ ರಾಗಿ ಇತ್ತು, ವಾರಕ್ಕೊಂದು ಸಲ ಮುದ್ದೆಯೂ ಆಗುತ್ತಿತ್ತು. ಕೇಳುತ್ತಾ ಹೋದಾಗ ಒಂದು ವಿಷಯ ಹೊರಬಿತ್ತು. ಮುದ್ದೆ ನಯವಾಗಿರಲಿ ಎಂದು ಹಿಟ್ಟನ್ನು ಸಣ್ಣ ಜರಡಿಯಲ್ಲಿ ಹಿಡಿದು ಹೊಟ್ಟು ಎಸೆಯುತ್ತಿದ್ದರು. ರಾಗಿಯ ಕ್ಯಾಲ್ಸಿಯಂ ಹೆಚ್ಚಾಗಿ ಆ ಸಿಪ್ಪೆಯಲ್ಲೇ ಇರುತ್ತದೆ. ಜರಡಿ ಬೇಡ ಎಂದೆ. ಮೊಳಕೆ ಕಟ್ಟಿ, ಒಣಗಿಸಿ ಬೀಸಿದರೆ ಇನ್ನೂ ಒಳ್ಳೆಯದು. ಹೀರಿಕೊಳ್ಳಲು ಅಡ್ಡಿ ಮಾಡುವ ಫೈಟೇಟ್ ಕಮ್ಮಿಯಾಗುತ್ತದೆ. 80 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 280 ಮಿಲಿಗ್ರಾಂ.

ಪಾಲಕ್ ಬದಲು ನುಗ್ಗೆ ಸೊಪ್ಪು. "ಕಹಿ ಮೇಡಂ" ಎಂದು ಮುಖ ಸಿಂಡರಿಸಿದರು. ಎಳೆ ಎಲೆ ಬಿಡಿಸಿ, ತೊಗರಿಬೇಳೆ, ತೆಂಗಿನತುರಿ ಹಾಕಿ ಪಲ್ಯ ಮಾಡಲು ಹೇಳಿದೆ. ಎರಡು ಹಿಡಿ, ಅಂದರೆ 50 ಗ್ರಾಂನಲ್ಲಿ 150 ಸಿಗುತ್ತದೆ. 40 ಗ್ರಾಂ ಹುರಳಿಕಾಳಿನ ಸಾರಿನಲ್ಲಿ ಇನ್ನೊಂದು ನೂರು.

ಎಳ್ಳಿನ ಬಗ್ಗೆ ಜನ ಸ್ವಲ್ಪ ಉತ್ಪ್ರೇಕ್ಷೆ ಮಾಡುತ್ತಾರೆ. ಒಂದು ಚಮಚ, 10 ಗ್ರಾಂನಲ್ಲಿ 120 ಇದೆ, ನಿಜ. ಆದರೆ ಅದರ ಬಹುಪಾಲು ಸಿಪ್ಪೆಯಲ್ಲಿ, ಆಕ್ಸಲೇಟ್ ಜೊತೆ. ಸಿಪ್ಪೆ ತೆಗೆದರೆ ಕ್ಯಾಲ್ಸಿಯಂ ಹೋಗುತ್ತದೆ, ಉಳಿಸಿಕೊಂಡರೆ ಪೂರ್ತಿ ಸಿಗುವುದಿಲ್ಲ. ಹಾಗಾಗಿ ಎಳ್ಳು ಪುಡಿಗೆ ನಾನು ಅರವತ್ತೇ ಹಾಕಿಕೊಂಡೆ.

ಅನ್ನ, ತರಕಾರಿಯಂಥ ಉಳಿದ ಊಟದ್ದು 150 ಸೇರಿಸಿದರೂ 750ರ ಹತ್ತಿರ ನಿಂತಿತು. ಕಮ್ಮಿ ಬಿದ್ದದ್ದಕ್ಕೆ ಸೋಯಾ ಹಾಲು ಒಡೆಸಿ ಮಾಡುವ ತೋಫು. ಕ್ಯಾಲ್ಸಿಯಂ ಸಲ್ಫೇಟ್ ಹಾಕಿ ಒಡೆಸಿದ್ದೇ ಆಗಬೇಕು, ಪೊಟ್ಟಣದ ಮೇಲೆ ಬರೆದಿರುತ್ತದೆ. ತೋಫು ತಿನ್ನದ ದಿನ ಕೊರತೆ ಕೊರತೆಯೇ. ಮಾತ್ರೆ ಬೇಕೇ, ವಿಟಮಿನ್ ಡಿ ಎಷ್ಟಿದೆ ಎಂಬುದನ್ನು ವೈದ್ಯರೇ ನೋಡಲಿ ಎಂದು ಕಳಿಸಿದೆ.

ಆರು ವಾರದ ಮೇಲೆ ಬಂದರು. ವಾರಕ್ಕೆ ಐದು ದಿನ ಮುದ್ದೆ ನಡೆಯುತ್ತಿದೆ. ನುಗ್ಗೆ ಪಲ್ಯ ಮಕ್ಕಳಿಗೂ ಹಿಡಿಸಿದೆ. "ಅತ್ತೆ ಮಾತ್ರ ನಾನಿಲ್ಲದಾಗ ಈಗಲೂ ಜರಡಿ ಹಿಡೀತಾರೆ ಮೇಡಂ" ಎಂದರು. ಆ ಹೊಟ್ಟನ್ನು ಎಸೆಯದೆ ದೋಸೆ ಹಿಟ್ಟಿಗೆ ಬೆರೆಸಿ ಎಂದೆ.