ತಪ್ಪು ಜಿಗ್ಬೀಯದೂ ಅಲ್ಲ, ವೈಫೈಯದೂ ಅಲ್ಲ, ಪ್ಯಾಸೇಜಿನ ಬಟನ್‌ದು

ಪ್ರಶ್ನೆ: ಧಾರವಾಡದಲ್ಲಿ ಫ್ಲಾಟ್ ತಗೊಂಡಿದೀವಿ, 2 ಬಿಎಚ್‌ಕೆ. ಫೋನ್ ತೆಗೆದರೆ ಸುತ್ತಲಿನ ಮನೆಗಳ 20-25 ವೈಫೈ ಕಾಣುತ್ತವೆ. ಸ್ಮಾರ್ಟ್ ಬಲ್ಬ್‌ಗೆ ಜಿಗ್ಬೀ ಒಳ್ಳೇದಾ, ವೈಫೈ ಒಳ್ಳೇದಾ? ರೇಂಜ್ ಯಾವುದಕ್ಕೆ ಜಾಸ್ತಿ, ಯಾವುದು ಕೈಕೊಡಲ್ಲ?

ನಾನೂ ಇದೇ ಹುಚ್ಚಿನಲ್ಲಿದ್ದೆ. ಹುಬ್ಬಳ್ಳಿ ಗೋಕುಲ ರೋಡಿನ ಅಪಾರ್ಟ್‌ಮೆಂಟ್, ಮೂರನೇ ಮಹಡಿ. ಮೊದಲು ಹಾಕಿದ್ದು ವೈಫೈ ಬಲ್ಬ್, ಆರು. ಹಗಲಿಡೀ ಚೆನ್ನಾಗಿರುತ್ತಿದ್ದವು. ರಾತ್ರಿ 8ರ ಮೇಲೆ ಹಿಂದಿನ ಬೆಡ್‌ರೂಮಿನದು ಮಾತ್ರ ಆಪ್‌ನಲ್ಲಿ ಆಫ್‌ಲೈನ್. ಫೋನಿನಲ್ಲಿ ನೆಟ್ ಚೆನ್ನಾಗೇ ಓಡುತ್ತಿತ್ತು, ಯಾಕಂದರೆ ಫೋನ್ ಹಿಡಿದಿದ್ದು 5 ಗಿಗಾಹರ್ಟ್ಸ್. ಈ ಬಲ್ಬ್‌ಗಳಿಗೆ ಗೊತ್ತಿರೋದು 2.4 ಮಾತ್ರ. ಇಡೀ ಬಿಲ್ಡಿಂಗ್ ಆ ಹೊತ್ತಿಗೆ ಕ್ರಿಕೆಟ್ ನೋಡುತ್ತಾ ಅದೇ 2.4ರಲ್ಲಿ ಕೂತಿರುತ್ತದೆ.

ಆಗ ನಾನು ಮಾಡಬೇಕಿದ್ದದ್ದು ಐದು ನಿಮಿಷದ ಕೆಲಸ. ರೂಟರ್‌ನ 2.4 ಸೆಟಿಂಗ್‌ನಲ್ಲಿ ಚಾನೆಲ್ ಆಟೋ ಇದ್ದದ್ದನ್ನು ತೆಗೆದು, 1, 6, 11 ಈ ಮೂರರಲ್ಲಿ ನಮ್ಮ ಮನೆಯಲ್ಲಿ ಗದ್ದಲ ಕಡಿಮೆ ಇರುವುದನ್ನು ಹಾಕಿ, ಅಗಲ 20 ಮೆಗಾಹರ್ಟ್ಸ್ ಇಡೋದು. ಅಷ್ಟೇ. ಅದನ್ನು ಬಿಟ್ಟು, ಜಿಗ್ಬೀ ಅಂದರೆ ಸ್ಮಾರ್ಟ್ ಸಾಮಾನುಗಳದೇ ಬೇರೆ ರೇಡಿಯೋ ನೆಟ್‌ವರ್ಕ್, ಅದು ಮೆಶ್ ಅಂತೆ, ಒಂದು ಬಲ್ಬ್ ಇನ್ನೊಂದಕ್ಕೆ ಸುದ್ದಿ ದಾಟಿಸುತ್ತದಂತೆ, ರೇಂಜ್ ಚಿಂತೆಯೇ ಇಲ್ಲವಂತೆ ಅಂತ ಓದಿ, ಆರೂ ಬಲ್ಬ್ ಬದಲಾಯಿಸಿ, ಹಳೇ ಲ್ಯಾಪ್‌ಟಾಪಿಗೆ ಜಿಗ್ಬೀ ಡಾಂಗಲ್ ಚುಚ್ಚಿ, ಬಲ್ಬ್‌ಗಳನ್ನು ನಡೆಸುವ Zigbee2MQTT ಅನ್ನೋ ಸಾಫ್ಟ್‌ವೇರ್ ಹಾಕಿದೆ.

ಎರಡು ದಿನ ಸ್ವರ್ಗ. ಆಮೇಲೆ ಪ್ರತಿ ರಾತ್ರಿ ಹತ್ತೂವರೆ ದಾಟಿತು ಅಂದರೆ ಬೆಡ್‌ರೂಮ್ ಬಲ್ಬ್, ಹಿಂದಿನ ಬಾಲ್ಕನಿ ಬಲ್ಬ್ ಎರಡೂ ಮಾತು ಕೇಳುತ್ತಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಏನೂ ಆಗಿಯೇ ಇಲ್ಲ ಅನ್ನೋ ಹಾಗೆ ನಡೆಯುತ್ತಿದ್ದವು.

ನಾನು ಬೈದದ್ದು ಪಕ್ಕದ ಮನೆ ವೈಫೈಗೆ. ಪೂರ್ತಿ ಸುಳ್ಳು ಅನುಮಾನವೂ ಅಲ್ಲ ಬಿಡಿ. ಜಿಗ್ಬೀಯೂ ಅದೇ 2.4ರಲ್ಲೇ ಇರೋದು, 11ರಿಂದ 26ರ ತನಕ ಅದಕ್ಕೆ 16 ಚಾನೆಲ್. ಹೆಸರು ಒಂದೇ ಇದ್ದರೂ ಜಿಗ್ಬೀಯ 11 ಬೇರೆ, ವೈಫೈಯ 11 ಬೇರೆ. ಜಿಗ್ಬೀಯ 11 ಬೀಳೋದು ವೈಫೈಯ 1ರ ಅಡಿಯಲ್ಲಿ, ಮತ್ತೆ Zigbee2MQTT ತಾನಾಗಿ ಹಿಡಿಯೋದೂ ಅದೇ 11. ಹಾಗಾಗಿ ಅದರ ಸೆಟಿಂಗ್ ಫೈಲ್‌ನಲ್ಲಿ ಬರೆದು ವೈಫೈಯ 11ರ ಆಚೆ ಅಂಚಿನಲ್ಲಿರುವ 25ಕ್ಕೆ ಹೋದೆ:

```
advanced:
  channel: 25
```

ನಾಲ್ಕು ಬಲ್ಬ್ ಆರಿಸಿ ಹಚ್ಚಿದ ಮೇಲೆ ತಾವೇ ಬಂದವು, ಎರಡನ್ನು ಹೊಸದಾಗಿ ಜೋಡಿಸಬೇಕಾಯಿತು. ರಾತ್ರಿ ಹತ್ತೂವರೆ ಆಯಿತು, ಮತ್ತೆ ಅದೇ ಕಥೆ. ಬಲ್ಬೇ ಸರಿ ಇಲ್ಲ ಅಂತ ಬೇರೆ ಕಂಪನಿಯ ಎರಡು ತರಿಸಿದೆ. ಡಾಂಗಲ್ಲನ್ನೂ ಬದಲಾಯಿಸಿದೆ. ಮೂರು ವಾರ, ಮೂರೂವರೆ ಸಾವಿರ ರೂಪಾಯಿ.

ಕೊನೆಗೆ ಒಂದು ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತು Zigbee2MQTTಯ ಮ್ಯಾಪ್ ತೆರೆದು ನೋಡಿದೆ. ಯಾವ ಬಲ್ಬ್ ಯಾರ ಮೂಲಕ ಮಾತಾಡುತ್ತಿದೆ ಅಂತ ಗೆರೆ ಎಳೆದು ತೋರಿಸುತ್ತದೆ. ಹಿಂದಿನ ಎರಡೂ ಬಲ್ಬ್‌ಗಳ ಗೆರೆ ಪ್ಯಾಸೇಜಿನ ಬಲ್ಬಿಗೆ ಬಂದು ಸೇರಿತ್ತು, ಬೇರೆ ದಾರಿಯೇ ಇಲ್ಲ. ಹಾಲ್‌ಗೂ ಬೆಡ್‌ರೂಮಿಗೂ ನಡುವೆ ಟೈಲ್ಸ್ ಹಾಕಿದ ಬಾತ್‌ರೂಮ್, ನೀರು ತುಂಬಿದ ಗೀಸರ್, ಗೋಡೆಗೆ ಒರಗಿಸಿದ ಕಬ್ಬಿಣದ ತಿಜೋರಿ. ನೇರ ಸಿಗ್ನಲ್ ಅಲ್ಲೇ ಸಾಯುತ್ತಿತ್ತು.

ಅಷ್ಟರಲ್ಲಿ ಪ್ಯಾಸೇಜಿನಿಂದ ಟಕ್ ಅಂತ ಸಪ್ಪಳ. ಅವ್ವ ಮಲಗಲು ಹೊರಟಿದ್ದಳು.

"ಅವ್ವಾ, ಆ ಬಟನ್ ಬಂದ್ ಮಾಡಿದಿ ಏನ?"

"ಮತ್ತೇನ ಮಾಡಲಿ? ರಾತ್ರಿ ಎಲ್ಲಾ ಸುಮ್ನ ಉರೀಬೇಕೇನ ಅದು? ಬಿಲ್ ನೀ ಕಟ್ತಿ ಅಂತ ಹೇಳಿ?"

ಅವಳು 5 ಗಂಟೆಗೆ ಎದ್ದು ಅದೇ ಬಟನ್ ಒತ್ತುತ್ತಾಳೆ. ಅದಕ್ಕೇ ನಾನು ಏಳುವಷ್ಟರಲ್ಲಿ ಎಲ್ಲ ಸರಿ ಇರುತ್ತಿತ್ತು.

ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ನನ್ನ ದುಡ್ಡು ಹೋಗಿದ್ದೇ ಇಲ್ಲಿ. ವೈಫೈ ಬಲ್ಬ್ ಒಂದೊಂದೂ ನೇರ ರೂಟರ್ ಜೊತೆ ಮಾತಾಡುತ್ತದೆ. ಗೋಡೆಯ ಬಟನ್ ಆರಿಸಿದರೆ ಆ ಒಂದು ಬಲ್ಬ್ ಸಾಯುತ್ತದೆ, ಉಳಿದವಕ್ಕೆ ಸಂಬಂಧವಿಲ್ಲ. ಜಿಗ್ಬೀಯಲ್ಲಿ ಬಲ್ಬ್ ಅಂದರೆ ಬೆಳಕೂ ಹೌದು, ಪಕ್ಕದವರಿಗೆ ದಾರಿಯೂ ಹೌದು. ಆಪ್‌ನಲ್ಲಿ ಆರಿಸಿದರೆ ಬೆಳಕು ಹೋಗುತ್ತದೆ, ಒಳಗಿನ ರೇಡಿಯೋ ಎಚ್ಚರ ಇರುತ್ತದೆ. ಗೋಡೆಯಲ್ಲಿ ಆರಿಸಿದರೆ ದಾರಿಯೇ ಕಿತ್ತುಹೋಗುತ್ತದೆ, ಹಿಂದಿನವು ಬೇರೆ ದಾರಿ ಹುಡುಕುತ್ತವೆ, ಇದ್ದರೆ ಸರಿ, ಇಲ್ಲದಿದ್ದರೆ ಅವೂ ಹೋದವು. ನಿಮ್ಮ ಬಿಲ್ಡಿಂಗಿನಲ್ಲಿ ಬೇರೆ ಮನೆಗಳಲ್ಲೂ ಜಿಗ್ಬೀ ಇದ್ದರೆ ಅದರಿಂದ ನಿಮಗೆ ದಾರಿ ಸಿಗಲ್ಲ, ಪ್ರತಿ ಮನೆಯ ನೆಟ್‌ವರ್ಕ್ ತನ್ನದೇ ಕೀಲಿ ಹಾಕಿಕೊಂಡಿರುತ್ತದೆ.

ಕಾರಣ ಯಾವುದು ಅಂತ ತಿಳಿಯೋದು ಕಷ್ಟವಲ್ಲ. ಸಂಜೆಯಿಂದ ನಿಧಾನವಾಗಿ ಹದಗೆಟ್ಟು, ಒಮ್ಮೆ ಕೇಳಿ ಒಮ್ಮೆ ಕೇಳದೆ, ಮಧ್ಯರಾತ್ರಿ ತಾನೇ ಸರಿ ಹೋದರೆ ಅದು ವೈಫೈ ಗದ್ದಲ. ಎರಡು ಮೂರು ಬಲ್ಬ್ ಒಟ್ಟಿಗೆ, ಕತ್ತರಿಸಿದ ಹಾಗೆ ಹೋದರೆ ಮನೆಯಲ್ಲಿ ಯಾರೋ ಬಟನ್ ಒತ್ತಿದ್ದಾರೆ. ನನ್ನದು ಎರಡನೇ ಜಾತಿ, ನಾನು ಔಷಧ ಕೊಟ್ಟದ್ದು ಮೊದಲನೆಯದಕ್ಕೆ.

ಸರಿ ಮಾಡಿದ್ದು ಒಂದು ಜಿಗ್ಬೀ ಸ್ಮಾರ್ಟ್ ಪ್ಲಗ್‌ನಿಂದ. ಪ್ಯಾಸೇಜಿನ ಸಾಕೆಟ್‌ಗೆ ಚುಚ್ಚಿದೆ, ಅದಕ್ಕೆ ಏನನ್ನೂ ಜೋಡಿಸಿಲ್ಲ, ಸುಮ್ನೆ ದಾರಿ ತೋರಿಸಿಕೊಂಡು ಕೂತಿದೆ. ಸಾಕೆಟ್ಟಿನ ಬಟನ್ ಮೇಲೆ ಟೇಪ್ ಹಚ್ಚಿದೀನಿ, ಇಲ್ಲಾಂದ್ರೆ ಅವ್ವ ಅದನ್ನೂ ಬಿಡೋಳಲ್ಲ. ಪ್ಯಾಸೇಜಿನ ಬಲ್ಬ್ ಈಗ ಮಾಮೂಲಿ ಎಲ್‌ಇಡಿ, ಅವಳ ಬಟನ್ ಅವಳಿಗೆ.

ಇನ್ನು ನಿಮ್ಮ ಪ್ರಶ್ನೆ. ನಿಜ ಹೇಳಬೇಕಂದ್ರೆ 2 ಬಿಎಚ್‌ಕೆಗೆ ರೇಂಜ್ ಕೇಳೋದೇ ತಪ್ಪು ಪ್ರಶ್ನೆ. ಅಷ್ಟು ಜಾಗಕ್ಕೆ ರೂಟರ್ ಒಂದು ಮೂಲೆಯಲ್ಲಿ ಅಡಗಿ ಕೂರದಿದ್ದರೆ ವೈಫೈ ಸಾಕು. ಐದಾರು ಬಲ್ಬ್ ಅಷ್ಟೇ ಅಂದ್ರೆ ವೈಫೈ ತಗೊಳ್ಳಿ, ಮೇಲೆ ಹೇಳಿದ ಹಾಗೆ ಚಾನೆಲ್ ಕಟ್ಟಿಹಾಕಿ. ಬಲ್ಬ್, ಸೆನ್ಸರ್, ಬಾಗಿಲು ಅಂತ ಇಪ್ಪತ್ತು ಮೂವತ್ತಕ್ಕೆ ಬೆಳೆಸುವ ಆಸೆ ಇದ್ದರೆ ಜಿಗ್ಬೀ, ಆದರೆ ಮೊದಲು ಯಾರೂ ಆರಿಸದ ಜಾಗದಲ್ಲಿ ಎರಡು ಪ್ಲಗ್, ಆಮೇಲೆ ಬಲ್ಬ್. ಈ ಕ್ರಮ ತಿರುವು ಮುರುವು ಮಾಡಿದರೆ ನನ್ನ ಹಾಗೆ ಆಗುತ್ತೆ.

ಮನೆಯಲ್ಲಿ ಹಿರಿಯರಿದ್ದು ಗೋಡೆಯ ಬಟನ್ ಬಿಡಲ್ಲ ಅಂದ್ರೆ ಸ್ಮಾರ್ಟ್ ಬಲ್ಬೇ ಬೇಡ. ಮಾಮೂಲಿ ಬಲ್ಬ್ ಇಟ್ಟು, ಸ್ವಿಚ್‌ಬೋರ್ಡ್ ಹಿಂದೆ ರಿಲೇ ಕೂರಿಸಿ, ಬಟನ್ನೂ ನಡೆಯುತ್ತದೆ, ಆಪೂ ನಡೆಯುತ್ತದೆ. ಒಂದೇ ಮಾತು, ದುಡ್ಡು ಕೊಡುವ ಮುಂಚೆ ವಾಯರಿಂಗ್‌ನವನನ್ನು ಕರೆಸಿ ಬೋರ್ಡ್ ಬಿಚ್ಚಿಸಿ ಒಳಗೆ ನ್ಯೂಟ್ರಲ್ ವಾಯರ್ ಇದೆಯಾ ನೋಡಿಸಿ. ನ್ಯೂಟ್ರಲ್ ಇಲ್ಲದೆ ನಡೆಯುವ ಜಿಗ್ಬೀ ರಿಲೇಗಳೂ ಸಿಗುತ್ತವೆ, ಆದರೆ ಅವು ಸಾಮಾನ್ಯವಾಗಿ ಬೇರೆಯವಕ್ಕೆ ದಾರಿ ಕೊಡಲ್ಲ. ನಮ್ಮ ಪ್ಯಾಸೇಜಿನ ಲೈಟ್ ಬೋರ್ಡಿನಲ್ಲಿ ನ್ಯೂಟ್ರಲ್ ಇರಲಿಲ್ಲ, ಅದಕ್ಕೇ ಪ್ಲಗ್ಗು, ಟೇಪು.