'ಎಂಬಿಎ'ಗೆ ಮುಂಚೆ 'ಎ' ಬರುತ್ತಾ, 'ಆ್ಯನ್' ಬರುತ್ತಾ?

ಪ್ರಶ್ನೆ: ಮೇಡಂ, ಕೆಲಸಕ್ಕೆ ಅಪ್ಲೈ ಮಾಡೋಕೆ ಇಂಗ್ಲಿಷಲ್ಲಿ ಒಂದು ಕವರ್ ಲೆಟರ್ ಬರ್ದೆ. ಅದ್ರಲ್ಲಿ 'ಆ್ಯನ್ ಯೂನಿವರ್ಸಿಟಿ', 'ಎ ಎಂಬಿಎ', 'ಎ ಎಚ್‌ಆರ್ ಎಕ್ಸಿಕ್ಯೂಟಿವ್', 'ಆ್ಯನ್ ಒನ್ ಇಯರ್ ಕೋರ್ಸ್', 'ಹಾಫ್ ಎ ಅವರ್' ಅಂತೆಲ್ಲ ಹಾಕಿದ್ದೆ. ಫ್ರೆಂಡ್ ನೋಡಿ ಐದೂ ತಪ್ಪು ಅಂದ್ಳು. ಸ್ಕೂಲಲ್ಲಿ ಎ, ಇ, ಐ, ಒ, ಯು ಬಂದ್ರೆ 'ಆ್ಯನ್' ಅಂತ ತಾನೆ ಹೇಳ್ಕೊಟ್ಟಿದ್ದು? ಇದಕ್ಕೆ ರೂಲ್ ಇದ್ಯಾ, ಇಲ್ಲ ಒಂದೊಂದನ್ನೂ ಬಾಯಿಪಾಠ ಮಾಡ್ಬೇಕಾ?

ಉತ್ತರ: ಬಾಯಿಪಾಠ ಬೇಡ, ರೂಲ್ ಒಂದೇ ಒಂದು. ಮುಂದಿನ ಪದ ಬಾಯಲ್ಲಿ ಸ್ವರದಿಂದ ಶುರುವಾದ್ರೆ 'ಆ್ಯನ್', ವ್ಯಂಜನದಿಂದ ಶುರುವಾದ್ರೆ 'ಎ'. ಸ್ಪೆಲಿಂಗ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಸ್ಕೂಲಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧಕ್ಕೆ ನಿಲ್ಲಿಸಿಬಿಟ್ರು ಅಷ್ಟೆ, ಅಕ್ಷರ ನೋಡಿ ಅಂದ್ರು, ಸದ್ದು ಕೇಳಿ ಅನ್ನಲಿಲ್ಲ.

ಹಳೇ ಇಂಗ್ಲಿಷಲ್ಲಿ ಇದ್ದಿದ್ದೇ 'ಆ್ಯನ್' ಥರದ್ದೊಂದು ಪದ, 'ಒಂದು' ಅನ್ನೋ ಪದವೂ ಅದೇ, ಆಮೇಲೆ ಮಾತಾಡ್ತಾ ಮಾತಾಡ್ತಾ ವ್ಯಂಜನದ ಮುಂಚೆ ಆ 'ನ್' ಉದುರಿಹೋಯ್ತು, ಸ್ವರದ ಮುಂಚೆ ಉಳ್ಕೊಂಡ್ತು, ಯಾಕಂದ್ರೆ ಎರಡು ಸ್ವರ ಒತ್ತೊತ್ತಾಗಿ ಬಂದ್ರೆ ನಾಲಿಗೆಗೆ ಕಷ್ಟ. ನಮ್ಮಲ್ಲಿ 'ಮನೆ'ಗೆ 'ಅಲ್ಲಿ' ಸೇರಿದ್ರೆ 'ಮನೆಯಲ್ಲಿ' ಅಂತ ನಡುವೆ 'ಯ' ಬರುತ್ತಲ್ಲ, ಯಕಾರಾಗಮ ಸಂಧಿ, ಕಾರಣ ಅದೇ ಥರದ್ದು. ಬಾಯಿಗೋಸ್ಕರ ಹುಟ್ಟಿದ ನಿಯಮ ಆಗಿರೋದ್ರಿಂದ ಕಣ್ಣಿಂದ ಅದನ್ನ ಬಿಡಿಸೋಕೆ ಹೋದ್ರೆ ಎಡವೋದು ಸಹಜ.

ಕನ್ನಡ ಬರೋರಿಗೆ ಇದ್ರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಆ ಇಂಗ್ಲಿಷ್ ಪದವನ್ನ ಕನ್ನಡ ಅಕ್ಷರದಲ್ಲಿ ಬರ್ದು ನೋಡಿ. ನಮ್ಮ ಲಿಪಿ ಹೆಚ್ಚುಕಮ್ಮಿ ಕಿವಿಗೆ ಬಿದ್ದಿದ್ದನ್ನೇ ಬರೆಯುತ್ತೆ, ಹಾಗಾಗಿ ಮೊದಲ ಅಕ್ಷರ ಅ-ಆ-ಇ-ಈ ಸಾಲಿನ ಸ್ವರ ಆದ್ರೆ 'ಆ್ಯನ್' ಹಾಕಿ, ಯ, ವ, ಹ ಥರದ ವ್ಯಂಜನ ಆದ್ರೆ 'ಎ' ಹಾಕಿ. ಯೂನಿವರ್ಸಿಟಿ 'ಯ'ದಿಂದ ಶುರು, ಅದಕ್ಕೆ 'ಎ ಯೂನಿವರ್ಸಿಟಿ'. ಅವರ್ 'ಅ'ದಿಂದ ಶುರು, ಸ್ಪೆಲಿಂಗ್‌ನಲ್ಲಿ ಮೊದಲು ಎಚ್ ಅಕ್ಷರ ಇದ್ರೂ ಅದು ಉಸಿರೇ ಬಿಡಲ್ಲ, ಅದಕ್ಕೆ 'ಆ್ಯನ್ ಅವರ್', 'ಹಾಫ್ ಆ್ಯನ್ ಅವರ್'. ಹೀಗೆ ಎಚ್ ಸುಮ್ಮನಿರೋ ಪದಗಳು ಬಹಳ ಇಲ್ಲ, ಅವರ್, ಆನೆಸ್ಟ್, ಆನರ್, ವಾರಸುದಾರ ಅನ್ನೋ ಅರ್ಥದ ಏರ್, ಮತ್ತೆ ಇವುಗಳಿಂದ ಹುಟ್ಟಿದವು, ಅಷ್ಟು ಗೊತ್ತಿದ್ರೆ ಹೆಚ್ಚುಕಮ್ಮಿ ಮುಗೀತು. ಹೋಟೆಲ್, ಹಾಸ್ಪಿಟಲ್, ಹ್ಯಾಬಿಟ್ ಎಲ್ಲಕ್ಕೂ 'ಎ'.

ಯು ಅಕ್ಷರದ್ದು ಇನ್ನೊಂದು ಕಥೆ. ಅಂಬ್ರೆಲಾ, ಅಂಕಲ್, ಅನ್‌ಪೇಯ್ಡ್ ಇವೆಲ್ಲ 'ಅ', ಹಾಗಾಗಿ 'ಆ್ಯನ್'. ಯೂನಿಟ್, ಯೂನಿಫಾರ್ಮ್, ಯೂಸರ್, ಯೂಸ್‌ಫುಲ್ ಇವೆಲ್ಲ 'ಯ', ಹಾಗಾಗಿ 'ಎ'. ಯುರೋಪಿಯನ್ ಅನ್ನೋದು ಇ ಅಕ್ಷರದಿಂದ ಶುರುವಾದ್ರೂ ಸದ್ದು 'ಯ'ದ್ದೇ, 'ಎ ಯುರೋಪಿಯನ್'. ನಂಗೆ ತುಂಬಾ ಇಷ್ಟವಾದ ಒಂದು ಜೋಡಿ ಇದೆ: ಸ್ಪೆಲಿಂಗ್ ಅಕ್ಷರಶಃ ಒಂದೇ, ಆದ್ರೆ ಕಾರ್ಮಿಕರ ಸಂಘ ಇರೋ ಫ್ಯಾಕ್ಟರಿ ಬಗ್ಗೆ ಬರೆಯುವಾಗ 'ಎ ಯೂನಿಯನೈಸ್ಡ್' ಅಂತ, ಕೆಮಿಸ್ಟ್ರಿಯಲ್ಲಿ ಅಯಾನು ಆಗಿಲ್ಲದ ಅಣುವಿನ ಬಗ್ಗೆ ಬರೆಯುವಾಗ 'ಆ್ಯನ್ ಅನ್‌ಅಯನೈಸ್ಡ್' ಅಂತ. ಅಕ್ಷರ ನೋಡ್ತಾ ಕೂತ್ರೆ ಇದನ್ನ ಜನ್ಮದಲ್ಲಿ ಬಿಡಿಸೋಕಾಗಲ್ಲ, ಒಂದ್ಸಲ ಬಾಯಲ್ಲಿ ಹೇಳಿದ್ರೆ ತಕ್ಷಣ ಗೊತ್ತಾಗುತ್ತೆ.

ಈಗ ನಿಮ್ಮ ಎಂಬಿಎಗೆ ಬರೋಣ, ಜಾಸ್ತಿ ಜನ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. ಎಲ್ಲ ದೊಡ್ಡಕ್ಷರದಲ್ಲಿ ಇರೋ ಪದ ಬಂದಾಗ ಮೊದಲು ಕೇಳ್ಕೋಬೇಕಾದ್ದು, ಇದನ್ನ ಅಕ್ಷರ ಅಕ್ಷರ ಬಿಡಿಸಿ ಓದ್ತೀವಾ, ಇಲ್ಲ ಒಂದು ಪದದ ಥರ ಒಟ್ಟಿಗೆ ಓದ್ತೀವಾ ಅಂತ. ಎಸ್ಸೆಮ್ಮೆಸ್ ಮತ್ತೆ ಸಿಮ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಶುರುವಾಗೋದು ಎಸ್ ಅಕ್ಷರದಿಂದ, ಎರಡೂ ಫೋನಿಗೆ ಸೇರಿದ್ದೇ. ಆದ್ರೆ ಒಂದನ್ನ ಎಸ್-ಎಂ-ಎಸ್ ಅಂತ ಬಿಡಿಸಿ ಹೇಳ್ತೀವಿ, ಮೊದಲು ಕೇಳೋದು 'ಎ' ಸ್ವರ, ಅದಕ್ಕೆ 'ಆ್ಯನ್ ಎಸ್ಸೆಮ್ಮೆಸ್'. ಇನ್ನೊಂದನ್ನ ಯಾರೂ ಎಸ್-ಐ-ಎಂ ಅನ್ನಲ್ಲ, ಸಿಮ್ ಅಂತಾರೆ, ಮೊದಲು ಕೇಳೋದು 'ಸ', ಅದಕ್ಕೆ 'ಎ ಸಿಮ್ ಕಾರ್ಡ್'. ಅದೇ ಲೆಕ್ಕದಲ್ಲಿ 'ಆ್ಯನ್ ಎಲ್ಇಡಿ ಬಲ್ಬ್', ಆದ್ರೆ 'ಎ ಲ್ಯಾನ್ ಕೇಬಲ್'. 'ಆ್ಯನ್ ಎನ್‌ಜಿಒ', ಆದ್ರೆ 'ಎ ನಾಸಾ ಮಿಷನ್'.

ಬಿಡಿಸಿ ಓದೋ ಸಂಕ್ಷೇಪ ಆದ್ರೆ ಆಮೇಲೆ ನೋಡ್ಬೇಕಾದ್ದು ಮೊದಲ ಅಕ್ಷರದ ಹೆಸರು ಹೇಗೆ ಶುರುವಾಗುತ್ತೆ ಅನ್ನೋದು ಮಾತ್ರ. ಎ, ಇ, ಐ, ಒ ಅಂತೂ ಸ್ವರವೇ, ಅವುಗಳ ಜೊತೆ ಎಫ್, ಎಚ್, ಎಲ್, ಎಂ, ಎನ್, ಆರ್, ಎಸ್, ಎಕ್ಸ್ ಹೆಸರುಗಳೂ ಸ್ವರದಿಂದಲೇ ಶುರು, ಒಟ್ಟು 12 ಅಕ್ಷರಕ್ಕೆ 'ಆ್ಯನ್'. ಉಳಿದ 14ಕ್ಕೆ 'ಎ', ಯು ಕೂಡ ಆ ಗುಂಪಿಗೇ ಸೇರುತ್ತೆ, ಅದರ ಹೆಸರಲ್ಲೇ 'ಯ' ಇದೆಯಲ್ಲ. ಹಾರೋ ತಟ್ಟೆ ಬಗ್ಗೆ ಬರೆಯುವಾಗ ಪೂರ್ತಿ ಬಿಡಿಸಿ ಬರೆದ್ರೆ 'ಆ್ಯನ್ ಅನ್‌ಐಡೆಂಟಿಫೈಡ್ ಫ್ಲೈಯಿಂಗ್ ಆಬ್ಜೆಕ್ಟ್', ಅದನ್ನೇ ಚಿಕ್ಕದು ಮಾಡಿದ್ರೆ 'ಎ ಯುಎಫ್ಒ'. ಅಂದ್ರೆ ಸಂಕ್ಷೇಪದ ಹಿಂದಿರೋ ಪೂರ್ತಿ ಪದ ಲೆಕ್ಕಕ್ಕೇ ಬರಲ್ಲ. ನೀವು 'ಎ ಎಂಬಿಎ' ಅಂತ ಬರೆಯೋಕೆ ಇದೂ ಕಾರಣ ಇರ್ಬಹುದು, ತಲೇಲಿ 'ಮಾಸ್ಟರ್' ಅಂತ ಓಡ್ತಿರುತ್ತೆ, 'ಎ ಮಾಸ್ಟರ್ಸ್ ಡಿಗ್ರಿ' ಸರೀನೇ, ಆದ್ರೆ ಪೇಪರ್ ಮೇಲಿರೋದು ಎಂಬಿಎ, ಓದೋರು ಓದೋದೂ ಎಂಬಿಎ ಅಂತಲೇ, ಹಾಗಾಗಿ 'ಆ್ಯನ್ ಎಂಬಿಎ'.

ಆದ್ರೆ ಇನ್ನೊಂದು ಕಾರಣವೂ ಇದೆ, ಕನ್ನಡದೋರು ಬರೆದ ಇಂಗ್ಲಿಷ್ ತಿದ್ದುವಾಗ ನಂಗೆ ಇದು ಪದೇ ಪದೇ ಸಿಗುತ್ತೆ. ಕನ್ನಡ ಮಾತಾಡುವಾಗ ನಾವು ಪದದ ಶುರುವಲ್ಲಿರೋ 'ಎ'ಗೆ ಗೊತ್ತಿಲ್ಲದೇ ಒಂದು 'ಯ' ಅಂಟಿಸ್ತೀವಿ, 'ಒ'ಗೆ ಒಂದು 'ವ' ಅಂಟಿಸ್ತೀವಿ. ಎಲೆ ಅಂತ ಬರೆದು ಯೆಲೆ ಅಂತೀವಿ, ಒಲೆ ಅಂತ ಬರೆದು ವೊಲೆ ಅಂತೀವಿ. ಅದೇ ನಾಲಿಗೆ ಎಂಬಿಎನ ಯೆಂಬಿಎ ಮಾಡುತ್ತೆ, ಎಫ್ಐಆರ್‌ನ ಯೆಫ್ಐಆರ್ ಮಾಡುತ್ತೆ, ಓಟಿಪಿನ ವೋಟಿಪಿ ಮಾಡುತ್ತೆ, ಆಗ ನಿಮ್ಮ ಕಿವಿ ನ್ಯಾಯವಾಗೇ 'ಓ ವ್ಯಂಜನ ಬಂತು, ಎ ಹಾಕು' ಅನ್ನುತ್ತೆ. ರೂಲ್ ಸರಿಯಾಗೇ ಕೆಲಸ ಮಾಡ್ತಿದೆ, ಕೊಟ್ಟ ಸದ್ದು ತಪ್ಪು ಅಷ್ಟೆ.

ಇದು ನಿಮಗೂ ಇದ್ಯಾ ಅಂತ ಪರೀಕ್ಷೆ ಮಾಡೋದು ಸುಲಭ. ಹೌದು ಅನ್ನೋ ಅರ್ಥದ 'ಯೆಸ್' ಹೇಳಿ, ಆಮೇಲೆ 'ಎಸ್' ಅಕ್ಷರದ ಹೆಸರು ಹೇಳಿ, ಎರಡೂ ಒಂದೇ ಥರ ಕೇಳಿಸಿದ್ರೆ ನಿಮ್ಮ ಬಾಯಲ್ಲಿ ಆ 'ಯ' ಸೇರ್ಕೊಂಡಿದೆ ಅಂತ ಅರ್ಥ. 'ಎಸ್' ಹೇಳುವಾಗ ನಾಲಿಗೆಯ ನಡುಭಾಗ ಮೊದಲು ಅಂಗುಳದ ಕಡೆ ಏರಿ ಆಮೇಲೆ ಇಳೀಬಾರ್ದು, ಬಾಯಿ ತೆರೆದ ಕೂಡ್ಲೇ ನೇರವಾಗಿ 'ಎ' ಬರ್ಬೇಕು. ಕಿವಿ ಮತ್ತೆ ವರ್ಷ ಅನ್ನೋ ಎರಡು ಇಂಗ್ಲಿಷ್ ಪದಗಳೂ ಇದೇ ಥರ, ಕಿವಿಗೆ 'ಆ್ಯನ್ ಇಯರ್', ವರ್ಷಕ್ಕೆ 'ಎ ಯಿಯರ್', ಕನ್ನಡದಲ್ಲಿ ಬರೆಯುವಾಗ ನಾವು ಎರಡನ್ನೂ 'ಇಯರ್' ಅಂತಲೇ ಬರ್ದುಬಿಡ್ತೀವಿ.

ಅಂದ್ರೆ ನಾನು ಹೇಳಿದ ಕನ್ನಡ ಲಿಪಿ ಉಪಾಯಕ್ಕೂ ಒಂದು ಮಿತಿ ಇದೆ, ರೂಢಿಯ ಬರವಣಿಗೆ ಕೆಲವು ಕಡೆ ಸದ್ದನ್ನ ಮುಚ್ಚಿಡುತ್ತೆ. ನಿಮ್ಮ 'ಒನ್' ಅಂಥದ್ದೇ. ಬರೆಯೋದು ಒನ್, ಇಂಗ್ಲಿಷಲ್ಲಿ ಅದರ ಸದ್ದು 'ವನ್', ಶುರುವಲ್ಲಿ 'ವ' ಇದೆ, ಅದಕ್ಕೆ 'ಎ ಒನ್ ಇಯರ್ ಕೋರ್ಸ್'. ವರ್ಷ ಜಾಸ್ತಿ ಆದ್ರೆ ಅಂಕಿಯ ಹೆಸರು ನೋಡಿ: 8, 11, 18, 80 ಇವುಗಳ ಇಂಗ್ಲಿಷ್ ಹೆಸರು ಸ್ವರದಿಂದ ಶುರು, ಹಾಗಾಗಿ 'ಆ್ಯನ್ 8 ಅವರ್ ಶಿಫ್ಟ್', 'ಆ್ಯನ್ 11 ಮಂತ್ ಕಾಂಟ್ರಾಕ್ಟ್'. ಅಂಕಿಯಲ್ಲಿ ಬರೆದ್ರೂ ಓದೋದು ಹೆಸರಿಂದಲೇ.

ಎಚ್‌ಆರ್ ವಿಷಯದಲ್ಲಿ ನಿಮ್ಮದು ಪೂರ್ತಿ ತಪ್ಪು ಅನ್ನೋಕೆ ನಂಗೆ ಮನಸ್ಸಿಲ್ಲ. ಆ ಅಕ್ಷರವನ್ನ 'ಎಚ್' ಅನ್ನೋರೂ ಇದ್ದಾರೆ, 'ಹೆಚ್' ಅನ್ನೋರೂ ಇದ್ದಾರೆ, ಕನ್ನಡದಲ್ಲಿ ಎರಡೂ ಬರೀತಾರೆ, ಐರ್ಲೆಂಡಲ್ಲೂ ತುಂಬಾ ಜನ ಹೆಚ್ ಅಂತಾರೆ. ಹೆಚ್ ಅಂದ್ರೆ ತಾನಾಗೇ 'ಎ ಹೆಚ್‌ಆರ್' ಆಗುತ್ತೆ. ಆದ್ರೆ ಡಿಕ್ಷನರಿಗಳು ಮೊದಲು ಕೊಡೋ ಉಚ್ಚಾರ ಎಚ್, ಅಚ್ಚಾಗೋ ಇಂಗ್ಲಿಷಲ್ಲಿ ಸಾಮಾನ್ಯವಾಗಿ ಕಾಣೋದೂ 'ಆ್ಯನ್ ಎಚ್‌ಆರ್', ನಿಮ್ಮ ಲೆಟರ್ ಓದೋದೇ ಎಚ್‌ಆರ್‌ನೋರು ಆಗಿರೋದ್ರಿಂದ 'ಆ್ಯನ್' ಹಾಕೋದು ವಾಸಿ. ಇದೇ ಥರ ಎರಡು ಓದು ಇರೋವು ಇನ್ನೂ ಕೆಲವಿವೆ. ಡೇಟಾಬೇಸ್‌ನೋರು ಬಳಸೋ `SQL` ಅನ್ನೋ ಕಂಪ್ಯೂಟರ್ ಭಾಷೆಯನ್ನ ಕೆಲವರು ಎಸ್-ಕ್ಯೂ-ಎಲ್ ಅಂತಾರೆ, ಕೆಲವರು ಸೀಕ್ವೆಲ್ ಅಂತಾರೆ, ಅವರವರ ಓದಿಗೆ ತಕ್ಕಂತೆ 'ಆ್ಯನ್', 'ಎ' ಎರಡೂ ಸರಿ, ಒಂದೇ ಡಾಕ್ಯುಮೆಂಟಲ್ಲಿ ಎರಡೂ ಬೆರೆಸಬೇಡಿ ಅಷ್ಟೆ.

ಇನ್ನೊಂದು, ಆರ್ಟಿಕಲ್ ನೋಡೋದು ತನಗೆ ತಾಗಿರೋ ಪದವನ್ನ ಮಾತ್ರ, ಅದರಾಚೆಯ ನಾಮಪದವನ್ನಲ್ಲ. 'ಆ್ಯನ್ ಎಂಬಿಎ' ಅಂತ ಸರಿಮಾಡಿ ಆಮೇಲೆ ನಡುವೆ 'ಫುಲ್ ಟೈಮ್' ಸೇರಿಸಿದ್ರೆ ಅದು 'ಎ ಫುಲ್ ಟೈಮ್ ಎಂಬಿಎ' ಆಗ್ಬೇಕು. 'ಎ ಯೂನಿವರ್ಸಿಟಿ' ನಡುವೆ 'ಓಲ್ಡ್' ಬಂದ್ರೆ 'ಆ್ಯನ್ ಓಲ್ಡ್ ಯೂನಿವರ್ಸಿಟಿ'. ಕೊನೇ ಗಳಿಗೆಯಲ್ಲಿ ಒಂದು ಪದ ಸೇರಿಸಿ ಹಿಂದಿನ ಆರ್ಟಿಕಲ್ ಮರೆಯೋದೇ ಜಾಸ್ತಿ, ಅದಕ್ಕೆ ಲೆಟರ್ ಕಳಿಸೋಕೆ ಮುಂಚೆ ಫೈಂಡ್ ಬಾಕ್ಸಲ್ಲಿ ಇವನ್ನ ಒಂದೊಂದಾಗಿ ಹಾಕಿ ಹುಡುಕಿ, ಶುರುವಲ್ಲಿ ಒಂದು ಸ್ಪೇಸ್ ಇರಲಿ:

```
 an u
 an eu
 an one
 a h
```

ಸಿಕ್ಕಿದ್ದೆಲ್ಲ ತಪ್ಪಲ್ಲ, 'ಆ್ಯನ್ ಅಂಬ್ರೆಲಾ'ನೂ ಸಿಗುತ್ತೆ, 'ಎ ಹೌಸ್' ಕೂಡ ಸಿಗುತ್ತೆ, ಒಂದೊಂದನ್ನೂ ಜೋರಾಗಿ ಓದಿ ಬಿಡಿ. ಸಂಕ್ಷೇಪಗಳಿಗೆ ಮ್ಯಾಚ್ ಕೇಸ್ ಆನ್ ಮಾಡ್ಕೊಂಡು `a` ಆದ್ಮೇಲೆ ಒಂದು ಸ್ಪೇಸ್, ಆಮೇಲೆ ದೊಡ್ಡ `F`, `H`, `L`, `M`, `N`, `R`, `S`, `X` ಒಂದೊಂದಾಗಿ ಹುಡುಕಿ. ನಿಮ್ಮ 'ಎ ಎಂಬಿಎ', 'ಎ ಎಚ್‌ಆರ್' ಎರಡೂ ಈ ಹುಡುಕಾಟದಲ್ಲೇ ಸಿಕ್ಕಿಬೀಳ್ತಿದ್ವು.